ದಿನಬಳಕೆಯ ಉಂಗುರಕ್ಕೆ ಓಪಲ್ ಆದೀತೆ?

ಶುಕ್ರನ ಹರಳೆಂದು ಓಪಲ್ ಉಂಗುರ ಮಾಡಿಸಿಕೊಂಡವರು ನಮ್ಮಲ್ಲಿ ಕಡಿಮೆಯಿಲ್ಲ. ವಜ್ರ ಕೊಳ್ಳಲಾಗದವರಿಗೆ ಜ್ಯೋತಿಷಿಗಳು ಸಾಮಾನ್ಯವಾಗಿ ಸೂಚಿಸುವುದು ಇದನ್ನೇ. ಕೊಂಡ ಹೊಸದರಲ್ಲಿ ಹಾಲುಬಿಳುಪಿನ ಹರಳಿನೊಳಗೆ ಕೆಂಪು, ಹಸಿರು, ನೀಲಿ ಕಿಡಿಗಳು ಓಡಾಡುತ್ತವೆ. ಧರಿಸಿದ ಮೇಲೆ ತೆಗೆಯಬಾರದೆಂದು ಅದೇ ಉಂಗುರದಲ್ಲಿ ಅಡುಗೆ, ಪಾತ್ರೆ, ಸ್ಕೂಟರ್ ಎಲ್ಲವೂ ನಡೆಯುತ್ತದೆ. ಕೆಲವು ವರ್ಷಗಳಲ್ಲಿ ಹರಳು ಮಂಕಾಗುತ್ತದೆ, ಅಂಗಡಿಯವನು ನಕಲಿ ಕೊಟ್ಟನೆಂಬ ಅನುಮಾನ ಹುಟ್ಟುತ್ತದೆ. ಆದರೆ ಅಸಲಿ ಓಪಲ್ ಕೂಡ ಹೀಗೆಯೇ ಮಂಕಾಗುತ್ತದೆ. ಅದನ್ನು ಸವೆಸುವುದು ಮನೆಯ ಮೇಜಿನ ಮೇಲೆ ಕೂರುವ ಸಾಮಾನ್ಯ ಧೂಳು.

ಧೂಳಿಗೆ ಅಷ್ಟು ಶಕ್ತಿ ಎಲ್ಲಿಂದ ಬಂತೆಂದು ತಿಳಿಯಲು ಗಡಸುತನದ ಅಳತೆ ಗೊತ್ತಿರಬೇಕು. ಜರ್ಮನಿಯ ಖನಿಜ ವಿಜ್ಞಾನಿ ಫ್ರೆಡ್ರಿಕ್ ಮೋಸ್ 1812ರಲ್ಲಿ ಇದಕ್ಕೊಂದು ಸರಳ ದಾರಿ ಕಂಡುಕೊಂಡರು. ಯಾವ ಖನಿಜ ಯಾವುದರ ಮೇಲೆ ಗೀರು ಎಳೆಯಬಲ್ಲದು ಎಂಬುದನ್ನಷ್ಟೇ ನೋಡಿ, ಹತ್ತು ಖನಿಜಗಳನ್ನು ಸಾಲಾಗಿ ನಿಲ್ಲಿಸಿದರು. ಬಳಪದ ಕಲ್ಲಿನಲ್ಲಿರುವ ಮೆತ್ತನೆಯ ಟಾಲ್ಕ್‌ಗೆ 1, ವಜ್ರಕ್ಕೆ 10. ನಮ್ಮ ಉಗುರು ಸುಮಾರು 2.5ರಲ್ಲಿ, ಚಾಕುವಿನ ಅಲಗು ಮತ್ತು ಕಿಟಕಿಯ ಗಾಜು ಸುಮಾರು 5.5ರಲ್ಲಿ ಬರುತ್ತವೆ. ಇದು ಬರೀ ಸರದಿಯ ಸಂಖ್ಯೆ, ತೂಕದಂತೆ ಸಮ ಅಂತರದ ಅಳತೆಯಲ್ಲ. ಮಾಣಿಕ್ಯಕ್ಕೆ 9, ವಜ್ರಕ್ಕೆ 10 ಎಂದರೂ ಉಪಕರಣದಲ್ಲಿ ಅಳೆದರೆ ವಜ್ರ ಮಾಣಿಕ್ಯಕ್ಕಿಂತ ಹಲವು ಪಟ್ಟು ಗಡಸು.

ಉಂಗುರದ ಮಟ್ಟಿಗೆ ಈ ಸಾಲಿನಲ್ಲಿ ನೆನಪಿಡಬೇಕಾದ ಸಂಖ್ಯೆ 7. ಅದು ಕ್ವಾರ್ಟ್ಜ್‌ನ, ಅಂದರೆ ಸ್ಫಟಿಕದ ಸ್ಥಾನ. ಮರಳಿನ ಹೆಚ್ಚಿನ ಪಾಲು ಇದೇ ಖನಿಜ. ಅದರ ಸಣ್ಣ ಕಣಗಳು ಗಾಳಿಯಲ್ಲಿ ಹಾರಿ ಮನೆಯ ಧೂಳಿನಲ್ಲೂ ಸೇರಿರುತ್ತವೆ. ಆದ್ದರಿಂದ 7ಕ್ಕಿಂತ ಮೆತ್ತಗಿನ ಯಾವ ಹರಳಿಗೂ ಧೂಳೇ ಉಪ್ಪುಕಾಗದವಾಗುತ್ತದೆ. ಓಪಲ್‌ನ ಗಡಸುತನ 5.5ರಿಂದ 6.5ರ ಒಳಗೆ. ಮಂಕಾದಂತೆ ಕಂಡ ಉಂಗುರವನ್ನು ಸೆರಗಿನಿಂದಲೋ ಅಂಗಿಯ ತುದಿಯಿಂದಲೋ ಒಣಗಿದ್ದಂತೆಯೇ ಒರೆಸಿದರೆ ಆ ಕಣಗಳು ಹರಳಿನ ಮೈಯನ್ನು ಇನ್ನಷ್ಟು ಗೀರುತ್ತವೆ. ಸವೆತವನ್ನು ನೀವೇ ನೋಡಬಹುದು. ಕಿಟಕಿಯ ಬಳಿ ನಿಂತು ಹರಳನ್ನು ನಿಧಾನವಾಗಿ ವಾಲಿಸಿ. ಹೊಸ ಹರಳಿನಲ್ಲಿ ಕಿಟಕಿಯ ಪ್ರತಿಬಿಂಬದ ಅಂಚು ಚೂಪಾಗಿ ಕಾಣುತ್ತದೆ. ಸವೆದದ್ದರಲ್ಲಿ ಅಂಚು ಕಲಸಿಹೋಗಿ, ಭೂತಗನ್ನಡಿಯ ಕೆಳಗೆ ಕೂದಲೆಳೆಯಂಥ ಗೀರುಗಳು ಕಾಣುತ್ತವೆ.

ಓಪಲ್ ಮತ್ತು ಸ್ಫಟಿಕ ಎರಡೂ ಸಿಲಿಕಾ. ಆದರೂ ಓಪಲ್ ಮೆತ್ತಗಿರುವುದಕ್ಕೆ ಅದರ ಒಳಗಿನ ಕಟ್ಟೋಣ ಕಾರಣ. ಸ್ಫಟಿಕದಲ್ಲಿ ಪರಮಾಣುಗಳು ಒಂದಕ್ಕೊಂದು ಕ್ರಮವಾಗಿ ಬಿಗಿದುಕೊಂಡಿವೆ. ಬಣ್ಣದ ಆಟವಿರುವ ಓಪಲ್‌ನಲ್ಲಿ ಸಿಲಿಕಾದ ಅತಿ ಸೂಕ್ಷ್ಮ ಗುಂಡುಗಳು ಒಂದೇ ಅಳತೆಯಲ್ಲಿ ಸಾಲಾಗಿ ಪೇರಿಸಿಕೊಂಡಿರುತ್ತವೆ, ಅವುಗಳ ನಡುವೆ ನೀರಿನ ಅಂಶ ಉಳಿದಿರುತ್ತದೆ. 1960ರ ದಶಕದಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ಇದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡರು. ಈ ಸಾಲುಗಳಿಗೆ ತಾಗಿದ ಬೆಳಕು ಬಣ್ಣಬಣ್ಣವಾಗಿ ಒಡೆಯುವುದರಿಂದಲೇ ಆ ಕಿಡಿಗಳು ಹುಟ್ಟುತ್ತವೆ. ತೂಕದಲ್ಲಿ ನೂರಕ್ಕೆ ಮೂರರಿಂದ ಹತ್ತು ಪಾಲು ನೀರಿರುವುದು ಸಾಮಾನ್ಯ. ತಟ್ಟನೆ ಬಿಸಿಯಾದರೆ, ಅಥವಾ ಒಳಗಿನ ನೀರು ಬೇಗ ಆರಿದರೆ, ಮೈಮೇಲೆ ಜೇಡರ ಬಲೆಯಂಥ ಬಿರುಕುಗಳು ಮೂಡುತ್ತವೆ. ಹೀಗಾಗಿ ಉಂಗುರದ ಅಳತೆ ಬದಲಿಸಲು ಅಕ್ಕಸಾಲಿಗೆ ಕೊಟ್ಟಾಗ ಹರಳನ್ನು ಬಿಚ್ಚಿಟ್ಟು ಬೆಸುಗೆ ಹಾಕಿ ಎಂದು ಹೇಳಲೇಬೇಕು.

ಓಪಲ್ ಎಲ್ಲಿಯದು ಎಂಬುದೂ ಮುಖ್ಯ. ಆಸ್ಟ್ರೇಲಿಯದ ಕೂಬರ್ ಪೀಡಿ, ಲೈಟ್ನಿಂಗ್ ರಿಜ್‌ಗಳ ಓಪಲ್ ಸಾಮಾನ್ಯವಾಗಿ ನೀರು ಹೀರುವುದಿಲ್ಲ. 2008ರಿಂದ ಇಥಿಯೋಪಿಯದ ವೊಲ್ಲೊ ಪ್ರಾಂತ್ಯದಿಂದ ಬರುತ್ತಿರುವ ಓಪಲ್ ಹೆಚ್ಚಾಗಿ ನೀರು ಹೀರುವ ಜಾತಿಯದು. ಅದನ್ನು ನೀರಿಗೆ ಹಾಕಿದರೆ ಗಾಜಿನಂತೆ ಪಾರದರ್ಶಕವಾಗಿ ಬಣ್ಣದ ಆಟ ಮಾಯವಾಗಬಹುದು. ನಿಧಾನವಾಗಿ ಒಣಗಿದರೆ ಮತ್ತೆ ಮೊದಲಿನಂತಾಗುತ್ತದೆ. ಆದರೆ ಎಣ್ಣೆ, ತುಪ್ಪ, ಬಣ್ಣದ ದ್ರವ ಒಳಗಿಳಿದರೆ ತೆಗೆಯುವುದು ಕಷ್ಟ. ಧರಿಸುವ ಮುನ್ನ ಉಂಗುರವನ್ನು ಹಾಲಿನಲ್ಲೋ ಪಂಚಾಮೃತದಲ್ಲೋ ಅದ್ದುವ ಪದ್ಧತಿ ಇರುವವರು ಇಂಥ ಹರಳಿಗೆ ಒಂದು ಹನಿ ನೀರು ಪ್ರೋಕ್ಷಿಸಿ ಕೂಡಲೇ ಒರೆಸುವುದು ಒಳ್ಳೆಯದು.

ಗಡಸುತನದ ಸಂಖ್ಯೆ ದೊಡ್ಡದಿದ್ದ ಮಾತ್ರಕ್ಕೆ ಹರಳು ಒಡೆಯುವುದಿಲ್ಲ ಎಂದೇನಿಲ್ಲ. ಗೀರು ತಡೆಯುವುದು ಒಂದು ಗುಣ, ಪೆಟ್ಟು ತಡೆಯುವುದು ಇನ್ನೊಂದು. ಟೊಪಾಜ್‌ಗೆ 8 ಇದ್ದರೂ ಒಂದು ದಿಕ್ಕಿನಲ್ಲಿ ಪೆಟ್ಟು ಬಿದ್ದರೆ ಸೀಳುತ್ತದೆ. ಪಚ್ಚೆ 7.5ರಿಂದ 8. ಆದರೆ ಅದರೊಳಗೆ ಹುಟ್ಟಿನಿಂದಲೇ ಬಿರುಕುಗಳಿದ್ದು, ಅವು ಕಾಣದಿರಲೆಂದು ಎಣ್ಣೆ ತುಂಬಿರುತ್ತಾರೆ. ಅಂಗಡಿಯಲ್ಲಿ ಒಡವೆ ತೊಳೆಯುವ ಅಲ್ಟ್ರಾಸಾನಿಕ್ ಯಂತ್ರಕ್ಕೆ ಹಾಕಿದರೆ ಆ ಎಣ್ಣೆ ಹೊರಬಂದು ಬಿರುಕು ಎದ್ದು ಕಾಣಬಹುದು.

ಈ ಎಲ್ಲ ವ್ಯತ್ಯಾಸಗಳೂ ಒಟ್ಟಿಗೆ ಸಿಗುವುದು ನವರತ್ನದ ಉಂಗುರದಲ್ಲಿ. ಅದರಲ್ಲಿ ವಜ್ರ 10, ಮಾಣಿಕ್ಯ ಮತ್ತು ನೀಲ 9, ವೈಡೂರ್ಯ 8.5. ಪುಷ್ಯರಾಗ ಕುರುಂದದ ಜಾತಿಯದಾದರೆ 9, ಟೊಪಾಜ್ ಆದರೆ 8. ಗೋಮೇಧಿಕ 7ರ ಆಸುಪಾಸಿನಲ್ಲಿದೆ. ಹವಳ ಸುಮಾರು 3.5, ಮುತ್ತು ಅದರ ಆಸುಪಾಸು. ದಿನವೂ ಹಾಕಿಕೊಂಡರೆ ಮೊದಲು ಸೋಲುವುದು ಈ ಎರಡು. ಇವುಗಳಿಗೆ ಧೂಳಷ್ಟೇ ಅಲ್ಲ, ಹುಳಿಯೂ ಶತ್ರು. ಎರಡರ ಮುಖ್ಯ ಅಂಶ ಕ್ಯಾಲ್ಸಿಯಂ ಕಾರ್ಬೊನೇಟ್, ಆಮ್ಲಕ್ಕೆ ಅದು ಕರಗುತ್ತದೆ. ಹುಣಸೆಹಣ್ಣು ಹಚ್ಚಿ ತಾಮ್ರದ ಚೊಂಬು ಉಜ್ಜುವಾಗ, ನಿಂಬೆ ಹಿಂಡುವಾಗ ಪ್ರತಿಸಲವೂ ಮುತ್ತಿನ ಮೈ ಒಂದಿಷ್ಟು ಹೋಗುತ್ತದೆ.

ಹಾಗಾದರೆ ಕೈಯಿಂದ ತೆಗೆಯದ ಉಂಗುರಕ್ಕೆ ಯಾವುದು? ಮಾಣಿಕ್ಯ, ನೀಲ, ಕುರುಂದ ಜಾತಿಯ ಪುಷ್ಯರಾಗ ಎಲ್ಲಕ್ಕಿಂತ ನಿಶ್ಚಿಂತೆಯವು. ಇವಕ್ಕೆ ಗಡಸುತನವೂ ಇದೆ, ಸುಲಭವಾಗಿ ಸೀಳುವ ದಿಕ್ಕೂ ಇಲ್ಲ. ವೈಡೂರ್ಯ, ಸ್ಪೈನಲ್ ಕೂಡ ಚೆನ್ನಾಗಿ ಬಾಳುತ್ತವೆ. ವಜ್ರಕ್ಕೆ ಗೀರಿನ ಭಯವಿಲ್ಲ, ಜೋರು ಪೆಟ್ಟು ಮಾತ್ರ ಬೀಳಬಾರದು. ಸ್ಫಟಿಕದ ಜಾತಿಯ ಅಮೆಥಿಸ್ಟ್, ಸಿಟ್ರಿನ್ ಗಡಿಯ ಮೇಲಿವೆ, ವರ್ಷಗಳ ಮೇಲೆ ಅವುಗಳ ಅಂಚುಗಳು ಸವೆಯುತ್ತವೆ. ಓಪಲ್, ಚಂದ್ರಕಾಂತ ಶಿಲೆ, ಫಿರೋಜಾ, ಮುತ್ತು, ಹವಳ ಇವೆಲ್ಲ ಪದಕಕ್ಕೂ ಓಲೆಗೂ ಚೆಂದ. ಅಲ್ಲಿ ಉಜ್ಜಾಟ ಕಡಿಮೆ.

ಓಪಲ್ ಉಂಗುರವೇ ಬೇಕೆಂದರೆ ಹರಳಿನ ಸುತ್ತ ಚಿನ್ನದ ಅಥವಾ ಬೆಳ್ಳಿಯ ಪೂರ್ತಿ ಅಂಚು ಬರುವಂತೆ, ಬೆರಳಿನಿಂದ ಹೆಚ್ಚು ಎದ್ದು ನಿಲ್ಲದಂತೆ ಕಟ್ಟಿಸಿ. ಕೈಕೆಲಸದ ಹೊತ್ತಿಗೆ ತೆಗೆದಿಡಿ. ಆಸ್ಟ್ರೇಲಿಯದ ಓಪಲ್ ಆದರೆ ಉಗುರುಬೆಚ್ಚಗಿನ ನೀರಿನಲ್ಲಿ ಮೊದಲು ಧೂಳು ತೊಳೆದು, ಆಮೇಲೆ ಮೆತ್ತನೆ ಬಟ್ಟೆಯಿಂದ ಒರೆಸಿ. ಇಥಿಯೋಪಿಯದ್ದಾದರೆ ಒದ್ದೆ ಬಟ್ಟೆ ಸಾಕು. ಕೊಳ್ಳುವಾಗ ಮಾತ್ರ ಹರಳನ್ನು ಉಂಗುರಕ್ಕೆ ಕೂರಿಸುವ ಮೊದಲೇ ಪಕ್ಕದಿಂದ ನೋಡಿ. ಕತ್ತರಿಸಿ ಅಂಟಿಸಿದಂತೆ ನೇರ ಗೆರೆ ಕಂಡರೆ ಅದು ಓಪಲ್‌ನ ತೆಳು ಪದರವನ್ನು ಕಪ್ಪು ತಳಕ್ಕೆ ಅಂಟಿಸಿದ ಡಬ್ಲೆಟ್. ಅದರ ಬೆಲೆ ಕಡಿಮೆಯಿರಬೇಕು, ನೀರಿನಲ್ಲಿ ನೆನೆದರೆ ಅಂಟು ಬಿಡುತ್ತದೆ. ಇಡಿಯಾದ ದಪ್ಪ ಓಪಲ್ ಮಂಕಾದರೆ ಹರಳು ತೀಡುವವರಲ್ಲಿ ಮತ್ತೆ ಪಾಲಿಶ್ ಹಾಕಿಸಿ ಹೊಳಪು ಮರಳಿ ಪಡೆಯಬಹುದು. ತೆಳು ಪದರದಲ್ಲಿ ತೀಡಲು ಏನೂ ಉಳಿದಿರುವುದಿಲ್ಲ. ಆದ್ದರಿಂದ ದಿನಬಳಕೆಗೆ ಓಪಲ್ ಆರಿಸುವವರು ಬಣ್ಣದ ಜೊತೆಗೆ ದಪ್ಪಕ್ಕೂ ಹಣ ಕೊಡಬೇಕು.