‘ವೆರಿ’ ತೆಗೆದ ಜಾಗಕ್ಕೆ ಏನು ಬಂತು?

ಹಂಪಿ ಪ್ರವಾಸದ ಬಗ್ಗೆ ಇಂಗ್ಲಿಷಿನಲ್ಲಿ ಪ್ರಬಂಧ ಬರೆಯಿರಿ ಎಂದರೆ ಎಂಟನೆಯ, ಒಂಬತ್ತನೆಯ ತರಗತಿಯ ಮಕ್ಕಳ ನೋಟ್‌ಬುಕ್ಕಿನಲ್ಲಿ ಹೆಚ್ಚುಕಡಿಮೆ ಇಂಥ ಸಾಲುಗಳು ಬರುತ್ತವೆ: “ಇಟ್ ವಾಸ್ ಎ ವೆರಿ ಹಾಟ್ ಡೇ. ದ ಬಸ್ ವಾಸ್ ವೆರಿ ಕ್ರೌಡೆಡ್. ವಿ ಸಾ ಎ ವೆರಿ ಓಲ್ಡ್ ಟೆಂಪಲ್. ದ ಸ್ಟೋನ್ ಚಾರಿಯಟ್ ವಾಸ್ ವೆರಿ ಬ್ಯೂಟಿಫುಲ್. ಅವರ್ ಗೈಡ್ ವಾಸ್ ಎ ವೆರಿ ಓಲ್ಡ್ ಮ್ಯಾನ್. ಇನ್ ದ ಈವನಿಂಗ್ ಐ ವಾಸ್ ವೆರಿ ಟೈರ್ಡ್ ಅಂಡ್ ವೆರಿ ಹಂಗ್ರಿ.”

ಆರು ವಾಕ್ಯ, ಏಳು ವೆರಿ. ವ್ಯಾಕರಣದಲ್ಲಿ ತಪ್ಪು ಹುಡುಕಿದರೂ ಸಿಗುವುದಿಲ್ಲ. ಆದರೆ ಬಿಸಿಲು, ನೂಕುನುಗ್ಗಲು, ಗುಡಿಯ ವಯಸ್ಸು, ಹುಡುಗನ ಹಸಿವು ಎಲ್ಲಕ್ಕೂ ಒಂದೇ ಅಳತೆ ಬಿದ್ದಿದೆ. ಎಲ್ಲವೂ ತುಂಬಾ. ಓದಿ ಮುಗಿಸಿದವರಿಗೆ ಹಂಪಿಯ ಯಾವ ಚಿತ್ರವೂ ಕಣ್ಣಿಗೆ ಕಟ್ಟುವುದಿಲ್ಲ.

ಇದಕ್ಕೆ ಇಂಗ್ಲಿಷ್ ಶಿಕ್ಷಕರು ಕೊಡುವ ಮದ್ದು ಹಳೆಯದು. ವೆರಿ ಮತ್ತು ಸಾದಾ ಗುಣವಾಚಕ ಎರಡನ್ನೂ ತೆಗೆದು ಅವುಗಳ ಜಾಗದಲ್ಲಿ ಗಟ್ಟಿಯಾದ ಒಂದೇ ಪದ ಇಡಿ ಎನ್ನುತ್ತಾರೆ. 1989ರ ‘ಡೆಡ್ ಪೊಯೆಟ್ಸ್ ಸೊಸೈಟಿ’ ಸಿನಿಮಾದಲ್ಲಿ ರಾಬಿನ್ ವಿಲಿಯಮ್ಸ್ ಮಾಡಿದ ಮೇಷ್ಟ್ರ ಪಾತ್ರ ಹುಡುಗರಿಗೆ ಹೇಳುವುದೂ ಇದನ್ನೇ. ವೆರಿ ಎನ್ನುವುದು ಸೋಮಾರಿಗಳ ಪದ, ವೆರಿ ಟೈರ್ಡ್ ಬದಲು ಎಕ್ಸಾಸ್ಟೆಡ್ ಅನ್ನಿ, ವೆರಿ ಸ್ಯಾಡ್ ಬದಲು ಮರೋಸ್ ಅನ್ನಿ ಎನ್ನುತ್ತಾನೆ ಆತ. ದೃಶ್ಯ ಚೆನ್ನಾಗಿದೆ. ಆದರೆ ಆ ಎರಡು ಉದಾಹರಣೆಗಳಲ್ಲಿ ಮೊದಲನೆಯದು ಮಾತ್ರ ಸರಿ. ಎಕ್ಸಾಸ್ಟೆಡ್ ಎಂದರೆ ತ್ರಾಣವೆಲ್ಲ ಖಾಲಿಯಾಗಿ ಸುಸ್ತಾದವನು. ಮರೋಸ್ ಎಂದರೆ ತುಂಬಾ ದುಃಖಿತ ಅಲ್ಲವೇ ಅಲ್ಲ. ಮುಖ ಗಂಟಿಕ್ಕಿಕೊಂಡು, ಯಾರ ಹತ್ತಿರವೂ ಸೇರದೆ ಸಿಡುಕುತ್ತಾ ಕೂತವನು. ಅಜ್ಜಿ ತೀರಿಕೊಂಡಾಗ ಅತ್ತ ಹುಡುಗಿಯನ್ನು ಮರೋಸ್ ಎಂದರೆ ಅವಳ ಮೇಲೆ ಇಲ್ಲದ ಗುಣ ಹೊರಿಸಿದ ಹಾಗಾಗುತ್ತದೆ. ಅಲ್ಲಿ ಬೇಕಾದದ್ದು ಹಾರ್ಟ್‌ಬ್ರೋಕನ್.

ತರಗತಿಯ ಗೋಡೆಗೆ ಅಂಟಿಸುವ ಚಾರ್ಟುಗಳ ತೊಂದರೆಯೂ ಇದೇ. ಎಡಗಡೆ ವೆರಿ ಸೇರಿದ ಪದ, ಬಲಗಡೆ ಒಂಟಿ ಪದ, ನಡುವೆ ಒಂದು ಸಮಚಿಹ್ನೆ. ಆ ಸಮಚಿಹ್ನೆಯನ್ನು ಮಕ್ಕಳು ಗಣಿತದಲ್ಲಿ ನಂಬುವಷ್ಟೇ ಇಲ್ಲೂ ನಂಬುತ್ತಾರೆ. ನಿಜದಲ್ಲಿ ಎಡಗಡೆಗೂ ಬಲಗಡೆಗೂ ತೂಕ ಒಂದೇ ಇರುವುದು ಅಪರೂಪ.

ಇದರ ಹಿಂದೆ ಇರುವ ವ್ಯಾಕರಣ ಕಷ್ಟದ್ದೇನಲ್ಲ. ಇಂಗ್ಲಿಷಿನ ಹಾಟ್, ಬಿಗ್, ಟೈರ್ಡ್, ಆ್ಯಂಗ್ರಿಯಂಥ ಪದಗಳು ಏರಿಳಿಯುತ್ತವೆ. ಸ್ವಲ್ಪ ದೊಡ್ಡದು, ಸಾಕಷ್ಟು ದೊಡ್ಡದು, ತುಂಬಾ ದೊಡ್ಡದು ಎನ್ನಬಹುದು. ಇವುಗಳ ಮುಂದೆ ವೆರಿ ಆರಾಮಾಗಿ ನಿಲ್ಲುತ್ತದೆ. ಎನಾರ್ಮಸ್, ಎಕ್ಸಾಸ್ಟೆಡ್, ಫ್ಯೂರಿಯಸ್, ಸ್ಟಾರ್ವಿಂಗ್ ಇವು ಆಗಲೇ ತುದಿ ಮುಟ್ಟಿದ ಪದಗಳು. ‘ಬಹಳ’ ಎಂಬ ಅರ್ಥವನ್ನು ಹೊಟ್ಟೆಯೊಳಗೇ ಇಟ್ಟುಕೊಂಡಿವೆ. ಅದಕ್ಕೇ ವೆರಿ ಎನಾರ್ಮಸ್ ಎಂದರೆ ಕಿವಿಗೆ ಒರಟಾಗಿ ಕೇಳುತ್ತದೆ. ಹೊಸ ಪದ ಕಲಿತ ಉತ್ಸಾಹದಲ್ಲಿ ಮಕ್ಕಳು ಮೊದಲು ಮಾಡುವ ತಪ್ಪು ಇದು, ಪದ ಬದಲಾಗುತ್ತದೆ, ವೆರಿ ಅಲ್ಲೇ ಉಳಿಯುತ್ತದೆ. ಒತ್ತು ಬೇಕೇ ಬೇಕು ಅನಿಸಿದರೆ ಇಂಥ ಪದಗಳ ಮುಂದೆ ಬರುವುದು ಆ್ಯಬ್ಸಲ್ಯೂಟ್ಲಿ. ಪದ ಯಾವ ಗುಂಪಿನದು ಎಂದು ಗೊತ್ತಾಗದಿದ್ದಾಗ ಈ ಎರಡನ್ನೂ ಅದರ ಮುಂದೆ ಇಟ್ಟು ಓದಿದರೆ ಸಾಮಾನ್ಯವಾಗಿ ತಿಳಿಯುತ್ತದೆ.

ಈಗ ಹಂಪಿಯ ಪ್ರಬಂಧಕ್ಕೆ ಬರೋಣ. ವೆರಿ ಹಾಟ್ ಡೇ ಇದ್ದದ್ದು ಸ್ಕಾರ್ಚಿಂಗ್ ಡೇ ಆಗಬಹುದು. ಬಂಡೆಗಲ್ಲಿನ ಆ ಊರಿನ ಏಪ್ರಿಲ್ ಬಿಸಿಲಿಗೆ ಇದು ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಆದರೆ ಈ ಪದ ಬಿಸಿಲಿಗೆ, ಸೆಕೆಗೆ, ದಿನಕ್ಕೆ ಒಪ್ಪುತ್ತದೆಯೇ ಹೊರತು ಚಹಾಕ್ಕಲ್ಲ. ನಾಲಿಗೆ ಸುಡುವ ಚಹಾ ಸ್ಕಾಲ್ಡಿಂಗ್, ಕಣ್ಣಲ್ಲಿ ನೀರು ತರಿಸುವ ಸಾರು ಫೈಯರಿ. ನಮಗೆ ಸೆಕೆ, ಬಿಸಿ, ಖಾರ ಎಂದು ಮೂರು ಪದಗಳಿರುವ ಕಡೆ ಇಂಗ್ಲಿಷ್ ಒಂದೇ ಹಾಟ್‌ನಲ್ಲಿ ಸುಧಾರಿಸುತ್ತದೆ. ಹಾಗಾಗಿ ವೆರಿ ಹಾಟ್ ತೆಗೆಯುವ ಮುನ್ನ ಅದು ಯಾವ ಹಾಟ್ ಎಂದು ಕೇಳಿಕೊಳ್ಳಲೇಬೇಕು.

ಬಸ್ಸಿನದು ಸುಲಭ. ಕ್ರೌಡೆಡ್ ಎಂದರೇ ಜನ ಜಾಸ್ತಿ. ಕಾಲಿಡಲೂ ಜಾಗವಿರಲಿಲ್ಲ ಎನ್ನುವುದಾದರೆ ಪ್ಯಾಕ್ಡ್.

ಗುಡಿಯಲ್ಲಿ ಚಾರ್ಟು ಕೈಕೊಡುತ್ತದೆ. ವೆರಿ ಓಲ್ಡ್ ಎಂದರೆ ಏನ್ಷಿಯಂಟ್ ಎಂದು ಅದರಲ್ಲಿದೆ. ಹುಡುಗ ನೋಡಿದ್ದು ಕಲ್ಲಿನ ರಥವಿರುವ ವಿಠ್ಠಲ ದೇವಾಲಯ. ಅದು ವಿಜಯನಗರದ ಕಾಲದ್ದು, ಅದರ ಬಹುಪಾಲು ವೈಭವ 16ನೇ ಶತಮಾನದ್ದು. ಇತಿಹಾಸದ ಪಾಠದಲ್ಲಿ ಆ ಕಾಲ ಮಧ್ಯಯುಗಕ್ಕೆ ಸೇರುತ್ತದೆ. ಆಡುಮಾತಿನಲ್ಲಿ ಏನ್ಷಿಯಂಟ್ ಎಂದರೆ ಯಾರೂ ತಕರಾರು ತೆಗೆಯುವುದಿಲ್ಲ, ಆದರೆ ಪಕ್ಕದ ಕೊಠಡಿಯ ಸಮಾಜ ವಿಜ್ಞಾನದ ಮೇಷ್ಟ್ರು ಕೆಂಪು ಗೆರೆ ಎಳೆದರೆ ಅವರದೂ ತಪ್ಪಲ್ಲ. ಇಲ್ಲಿ ಎಲ್ಲಕ್ಕಿಂತ ಒಳ್ಳೆಯ ಗುಣವಾಚಕ ವಯಸ್ಸನ್ನೇ ಹೇಳುವುದು: ಎ ಫೈವ್-ಹಂಡ್ರೆಡ್-ಇಯರ್-ಓಲ್ಡ್ ಟೆಂಪಲ್. ಇಂಗ್ಲಿಷ್ ಇದನ್ನು ಅಡ್ಡಗೆರೆ ಹಾಕಿ ಒಂದೇ ಪದದಂತೆ ಬಳಸುತ್ತದೆ. ಆಗ ಇಯರ್ಸ್ ಅಲ್ಲ, ಇಯರ್.

ಗೈಡ್ ಅಜ್ಜನಿಗೆ ಏನ್ಷಿಯಂಟ್ ಎಂದರಂತೂ ತಮಾಷೆ ಮಾಡಿದ ಹಾಗೆ. ಮನುಷ್ಯರಿಗೆ ಗೌರವದ ಪದ ಎಲ್ಡರ್ಲಿ. ಇದರಲ್ಲಿ ವೆರಿ ಓಲ್ಡ್‌ನಷ್ಟು ತೂಕವಿಲ್ಲ, ಆದರೆ ಮರ್ಯಾದೆ ಇದೆ. ಇನ್ನೊಂದು ಸಣ್ಣ ಕಿರಿಕಿರಿಯೂ ಇಲ್ಲೇ ಕಾಣಿಸುತ್ತದೆ. ವೆರಿ ವ್ಯಂಜನದಿಂದ ಶುರುವಾಗುವುದರಿಂದ ಅದರ ಹಿಂದೆ ‘ಎ’ ಇತ್ತು. ವೆರಿ ಹೋಗಿ ಎಲ್ಡರ್ಲಿ ಬಂದ ಮೇಲೆ ಅದು ‘ಆ್ಯನ್’ ಆಗಬೇಕು. ಎಕ್ಸಲೆಂಟ್, ಎನಾರ್ಮಸ್, ಎಕ್ಸಾಸ್ಟೆಡ್, ಐಸಿ ಎಲ್ಲ ಸ್ವರದಿಂದಲೇ ಶುರುವಾಗುವುದರಿಂದ ಈ ತಪ್ಪು ಮತ್ತೆ ಮತ್ತೆ ಆಗುತ್ತದೆ. ಪದ ಬದಲಿಸಿದ ಮೇಲೆ ಅದರ ಹಿಂದಿನ ಪದವನ್ನೂ ಒಮ್ಮೆ ನೋಡುವುದು ಒಳ್ಳೆಯದು.

ಕಲ್ಲಿನ ರಥ ವೆರಿ ಬ್ಯೂಟಿಫುಲ್ ಎಂಬಲ್ಲಿ ಚಾರ್ಟು ಗಾರ್ಜಿಯಸ್, ಸ್ಟನ್ನಿಂಗ್ ಎಂದು ಎರಡು ಪದ ಕೊಡುತ್ತದೆ. ಇವು ಸೀರೆಗೂ ಸರಿ, ಸೂರ್ಯಾಸ್ತಕ್ಕೂ ಸರಿ, ಮದುವೆ ಮಂಟಪಕ್ಕೂ ಸರಿ. ರಥದ ಬಗ್ಗೆ ಏನನ್ನೂ ಹೇಳುವುದಿಲ್ಲ. ದನಿ ಏರಿಸುವ ಬದಲು ಚಂದ ಯಾವುದರಲ್ಲಿದೆ ಎಂದು ಕೇಳಿದರೆ ಪದ ತಾನೇ ಸಿಗುತ್ತದೆ. ಕಲ್ಲಿನಲ್ಲಿ ಅಷ್ಟು ಸೂಕ್ಷ್ಮವಾಗಿ ಬಿಡಿಸಿದ ಕೆತ್ತನೆಗೆ ಇಂಗ್ಲಿಷಿನಲ್ಲಿ ಇಂಟ್ರಿಕೇಟ್ ಎನ್ನುತ್ತಾರೆ. ಅದು ಬ್ಯೂಟಿಫುಲ್‌ಗಿಂತ ಜೋರಾದ ಪದವಲ್ಲ, ಹೆಚ್ಚು ಖಚಿತವಾದ ಪದ. ನನ್ನನ್ನು ಕೇಳಿದರೆ ಈ ಅಭ್ಯಾಸದ ನಿಜವಾದ ಲಾಭ ಇಲ್ಲಿದೆ. ಗಟ್ಟಿ ಪದಕ್ಕಿಂತ ಸರಿಯಾದ ಪದ ಹುಡುಕುವುದರಲ್ಲಿ. ನಮ್ಮ 50 ರೂಪಾಯಿ ನೋಟಿನ ಹಿಂಬದಿಯಲ್ಲಿರುವುದು ಇದೇ ರಥ ಎಂದು ಹುಡುಗ ಬರೆದಿದ್ದರೆ ಗುಣವಾಚಕವೇ ಬೇಕಾಗುತ್ತಿರಲಿಲ್ಲ ಎಂಬುದು ಬೇರೆ ಮಾತು.

ಕೊನೆಯ ವಾಕ್ಯದಲ್ಲಿ ಎರಡು ವೆರಿಗಳಿವೆ. ಎರಡನ್ನೂ ಬದಲಿಸಿ ಎಕ್ಸಾಸ್ಟೆಡ್ ಅಂಡ್ ಸ್ಟಾರ್ವಿಂಗ್ ಎಂದರೆ ಹುಡುಗ ಪ್ರವಾಸದಿಂದ ಬಂದನೋ ಕಾಡಿನಲ್ಲಿ ದಾರಿ ತಪ್ಪಿ ಬಂದನೋ ತಿಳಿಯುವುದಿಲ್ಲ. ಒಂದನ್ನು ಏರಿಸಿ ಇನ್ನೊಂದನ್ನು ಹಾಗೇ ಬಿಡುವುದು ಮೇಲು: ಐ ವಾಸ್ ಹಂಗ್ರಿ ಅಂಡ್ ಎಕ್ಸಾಸ್ಟೆಡ್. ಹಂಗ್ರಿಯ ಮುಂದಿನ ವೆರಿ ಸುಮ್ಮನೆ ಬಿದ್ದುಹೋಯಿತು, ವಾಕ್ಯಕ್ಕೆ ಅದರಿಂದ ನಷ್ಟವೇನೂ ಆಗಲಿಲ್ಲ. ತುದಿ ಮುಟ್ಟಿದ ಪದಗಳು ಸಾಲುಸಾಲಾಗಿ ಬಂದರೆ ಅವೂ ವೆರಿಯಷ್ಟೇ ಸವೆಯುತ್ತವೆ.

ಇಷ್ಟೆಲ್ಲ ಕನ್ನಡದ ಮಕ್ಕಳಿಗೆ ಹೊಸದೆಂದು ಅನಿಸಬಾರದು. ಮನೆಯಲ್ಲಿ ಅವರು ತುಂಬಾ ಬಿಸಿಲು ಎನ್ನುವ ಜಾಗದಲ್ಲಿ ಸುಡುಬಿಸಿಲು ಕೇಳಿದ್ದಾರೆ. ತುಂಬಾ ಬಡವ ಕಡುಬಡವ, ತುಂಬಾ ಕತ್ತಲು ಕಗ್ಗತ್ತಲು, ತುಂಬಾ ಚಳಿಯಾದರೆ ಕೊರೆಯುವ ಚಳಿ. ಮಳೆಯಲ್ಲಿ ನೆನೆದು ಬಂದವನು ತುಂಬಾ ಒದ್ದೆಯಾಗುವುದಿಲ್ಲ, ತೊಯ್ದು ತೊಪ್ಪೆಯಾಗುತ್ತಾನೆ. ಅಪ್ಪನಿಗೆ ತುಂಬಾ ಸಿಟ್ಟು ಬಂದರೆ ಕೆಂಡಾಮಂಡಲ. ಇಂಗ್ಲಿಷ್ ಬರೆಯುವಾಗ ಮಾತ್ರ ಇವೆಲ್ಲ ಮರೆತು ತುಂಬಾ ಎಂದರೆ ವೆರಿ ಎಂಬ ಒಂದೇ ಕೀಲಿಕೈ ಹಿಡಿದು ಕೂರುತ್ತಾರೆ. ಪ್ರಬಂಧದಲ್ಲಿ ವೆರಿ ಬಂದ ಕಡೆ ನಿಲ್ಲಿಸಿ, ನಿಮ್ಮ ಅಜ್ಜಿ ಇದನ್ನು ಹೇಗೆ ಹೇಳುತ್ತಿದ್ದರು ಎಂದು ಕೇಳಿ ನೋಡಬಹುದು. ಕಡುಬಡವ ಎಂದ ಹುಡುಗನಿಗೆ ಡೆಸ್ಟಿಟ್ಯೂಟ್, ತೊಪ್ಪೆಯಾದ ಎಂದವನಿಗೆ ಡ್ರೆಂಚ್ಡ್, ಕೆಂಡಾಮಂಡಲ ಎಂದವಳಿಗೆ ಫ್ಯೂರಿಯಸ್, ಕಗ್ಗತ್ತಲಿಗೆ ಪಿಚ್-ಡಾರ್ಕ್ ಎಂದು ಹೇಳಿಕೊಟ್ಟರೆ ಪದದ ಜೊತೆ ಅದರ ತೂಕವೂ ಮಗುವಿಗೆ ತಲುಪುತ್ತದೆ. ಚಾರ್ಟಿನ ಸಮಚಿಹ್ನೆಗಿಂತ ಇದು ನಂಬಿಕಸ್ಥ ದಾರಿ.

ಎಲ್ಲಕ್ಕೂ ಒಂಟಿ ಪದ ಸಿಗುವುದಿಲ್ಲ ಎಂಬುದನ್ನೂ ಹೇಳಬೇಕು. ವೆರಿ ಆನೆಸ್ಟ್, ವೆರಿ ಯೂಸ್‌ಫುಲ್ ಇವುಗಳಿಗೆ ಇಂಗ್ಲಿಷಿನಲ್ಲಿ ಸಲೀಸಾದ ಬದಲಿ ಇಲ್ಲ. ನಿಘಂಟು ತಡಕಿ ಏನನ್ನೋ ತಂದು ತುರುಕಿದರೆ ಓದುವವರಿಗೇ ಕಷ್ಟ. ಗೈಡ್ ಅಜ್ಜ ತುಂಬಾ ಪ್ರಾಮಾಣಿಕ ಎನ್ನಬೇಕಿದ್ದರೆ, ಯಾರೋ ಬೀಳಿಸಿಕೊಂಡ ಪರ್ಸನ್ನು ಹುಡುಕಿ ತಂದುಕೊಟ್ಟರು ಎಂದು ಬರೆದರಾಯಿತು. ಹೋಲಿಕೆ ಮಾಡುವ ಕಡೆಯೂ ವೆರಿ ಇರಲಿ. ನಿನ್ನೆ ಕೋಲ್ಡ್, ಇಂದು ವೆರಿ ಕೋಲ್ಡ್ ಎನ್ನುವುದು ಒಂದು ಮೆಟ್ಟಿಲು ಏರಿದ ಮಾತು. ಅದನ್ನು ಫ್ರೀಜಿಂಗ್ ಮಾಡಿದರೆ ನೀರು ಹೆಪ್ಪುಗಟ್ಟುವ ಮಟ್ಟಕ್ಕೆ ಹಾರಿದಂತೆ. ವಿಜ್ಞಾನದ ಉತ್ತರದಲ್ಲಂತೂ ಈ ಹಾರಾಟ ತಪ್ಪೇ ಆಗಬಹುದು.

ಕೆಂಪು ಪೆನ್ನು ಹಿಡಿದವರೂ ಒಂದು ಕಡೆ ತಡೆಯಬೇಕು. ವೆರಿ ಫ್ರೆಂಚ್ ಮೂಲದಿಂದ ಇಂಗ್ಲಿಷಿಗೆ ಬಂದಾಗ ಅದರ ಅರ್ಥ ‘ನಿಜವಾದ’ ಎಂದಿತ್ತು. ಲ್ಯಾಟಿನ್‌ನಲ್ಲಿ ಸತ್ಯ ಎಂಬರ್ಥದ ಪದವೇ ಅದರ ಬೇರು. ‘ಬಹಳ’ ಎಂಬ ಅರ್ಥ ಆಮೇಲೆ ಕೂಡಿಕೊಂಡದ್ದು. ಆ ಹಳೆಯ ಅರ್ಥದ ಪಳೆಯುಳಿಕೆ ದ ವೆರಿ ನೆಕ್ಸ್ಟ್ ಡೇ, ದ ವೆರಿ ಸೇಮ್ ಪ್ಲೇಸ್ ಎಂಬಲ್ಲಿ ಇನ್ನೂ ಇದೆ. ಅಲ್ಲಿ ಅದು ‘ಮರುದಿನವೇ’, ‘ಅದೇ ಜಾಗ’ ಎಂಬುದರ ಏಕಾರದ ಕೆಲಸ ಮಾಡುತ್ತದೆ. ವೆರಿ ಕಂಡಲ್ಲೆಲ್ಲ ಹೊಡೆದುಹಾಕುವ ನಿಯಮ ಕಲಿತ ಮಕ್ಕಳು ಇದನ್ನೂ ಹೊಡೆದುಹಾಕುತ್ತಾರೆ. ಥ್ಯಾಂಕ್ ಯೂ ವೆರಿ ಮಚ್‌ನಲ್ಲಿಯೂ ಬದಲಿಸುವುದಕ್ಕೆ ಏನೂ ಇಲ್ಲ.