ಒಂದೇ ನಮೂದಿನಲ್ಲಿ ಹಲವು ಸೀರೆ: ಬಣ್ಣ ಮತ್ತು ಅಳತೆಗೆ ಹೆಸರಿಡುವ ಬಗೆ

ಮಕ್ತಲ್‌ನಿಂದ ಕೃಷ್ಣೆಯನ್ನು ದಾಟಿದರೆ ರಾಯಚೂರು. ನಾರಾಯಣಪೇಟೆ, ಮಕ್ತಲ್, ಗದ್ವಾಲಗಳ ಈ ಸೀಮೆಯಲ್ಲಿ ಕನ್ನಡ, ತೆಲುಗುಗಳೆರಡೂ ಅಂಗಡಿಯ ಮಾತಾಗಿವೆ. ನಾರಾಯಣಪೇಟೆಯ ಮತ್ತು ಗದ್ವಾಲದ ಕೈಮಗ್ಗದ ಸೀರೆಗಳೆರಡೂ ಭೌಗೋಳಿಕ ಸೂಚಕದ ಮಾನ್ಯತೆ ಪಡೆದವು. ಇಂದು ಇವು ಮೊಬೈಲಿನ ಮಾರಾಟಪಟ್ಟಿಗಳಲ್ಲಿಯೂ ಬಿಕರಿಯಾಗುತ್ತವೆ. ಅಲ್ಲಿ ಒಂದು ಸೀರೆಗೆ ಒಂದು ನಮೂದು ಎಂಬ ಕ್ರಮವಿಲ್ಲ. ಒಂದೇ ನಮೂದಿನ ಅಡಿಯಲ್ಲಿ ಹಲವು ಬಣ್ಣ, ಹಲವು ಅಳತೆಗಳ ಸೀರೆಗಳಿರುತ್ತವೆ. ಕೊಳ್ಳುವವರು ಬಟ್ಟೆಯನ್ನು ಮುಟ್ಟಿ ನೋಡಲಾರರು. ಅವರಿಗೆ ಇರುವುದು ಒಂದು ಚಿತ್ರ ಮತ್ತು ಕೆಲವು ಪದಗಳು. ಪದ ತಪ್ಪಿದರೆ ಸೀರೆ ಮರಳಿ ಬರುತ್ತದೆ. ಸಾಗಣೆಯ ವೆಚ್ಚ ಮಾರಿದವರ ಮೇಲೆಯೇ ಬೀಳುತ್ತದೆ. ಈ ಪದಗಳು ಎಲ್ಲಿ ತಪ್ಪುತ್ತವೆ ಎಂಬುದು ವ್ಯಾಕರಣ ಓದಿದವರು ಬಿಡಿಸಬಲ್ಲ ಪ್ರಶ್ನೆ.

‘ದೊಡ್ಡ ಕೆಂಪು ಅಂಚಿನ ಹಸಿರು ಸೀರೆ’ ಎಂಬ ಪದಪುಂಜವನ್ನು ನೋಡೋಣ. ಇಲ್ಲಿ ದೊಡ್ಡದು ಅಂಚೋ ಸೀರೆಯೋ? ‘ದೊಡ್ಡ’ ಎಂಬ ವಿಶೇಷಣವು ಸಮೀಪದ ‘ಅಂಚಿ’ಗೂ ಸಲ್ಲಬಹುದು, ದೂರದ ‘ಸೀರೆ’ಗೂ ಸಲ್ಲಬಹುದು. ಕನ್ನಡದಲ್ಲಿ ವಿಶೇಷಣಗಳೆಲ್ಲವೂ ವಿಶೇಷ್ಯದ ಹಿಂದೆಯೇ ಸಾಲುಗಟ್ಟುವುದರಿಂದ, ಸಾಲು ಬೆಳೆದಷ್ಟೂ ಯಾವುದು ಯಾವುದಕ್ಕೆ ಸೇರಿತೆಂಬುದು ಮಸುಕಾಗುತ್ತದೆ. ‘ಕೆಂಪು ಹಸಿರು ಸೀರೆ’ ಎಂದರಂತೂ ಎರಡು ಬಣ್ಣಗಳಿವೆಯೆಂದು ತಿಳಿಯುವುದೇ ಹೊರತು ಯಾವುದು ಎಲ್ಲಿದೆಯೆಂದು ತಿಳಿಯದು. ಇದಕ್ಕೆ ಪರಿಹಾರ ಸರಳ. ವಿಶೇಷಣಗಳನ್ನು ಪೋಣಿಸುವುದನ್ನು ಬಿಟ್ಟು, ಸೀರೆಯ ಅಂಗವನ್ನು ಮೊದಲು ಹೆಸರಿಸಿ ಗುಣವನ್ನು ಅದರ ಮುಂದೆ ಇಡಬೇಕು: ‘ಒಡಲು: ಹಸಿರು. ಅಂಚು: ಕೆಂಪು, 4 ಇಂಚು.’ ಒಡಲು, ಅಂಚು, ಸೆರಗು ಎಂಬ ಮೂರು ಅಂಗಗಳೂ ಪ್ರತಿಯೊಂದು ಬಗೆಯಲ್ಲಿ ಇದೇ ಅನುಕ್ರಮದಲ್ಲಿ ಬರಬೇಕು. ಅಂಚಿಗೂ ಸೆರಗಿಗೂ ಒಂದೇ ಬಣ್ಣವಿದ್ದರೂ ಸೆರಗಿನ ಸ್ಥಾನವನ್ನು ಖಾಲಿ ಬಿಡಬಾರದು. ಖಾಲಿ ಸ್ಥಳವನ್ನು ಓದುಗರು ತಮ್ಮ ಊಹೆಯಿಂದ ತುಂಬಿಕೊಳ್ಳುತ್ತಾರೆ.

ಅಂಗವನ್ನು ಹೆಸರಿಸಿದ ಬಳಿಕ ಬಣ್ಣದ ಹೆಸರು. ಗಡಿನಾಡಿನ ತೊಡಕು ಇಲ್ಲಿಯೇ ಇದೆ. ಕನ್ನಡದಲ್ಲಿ ‘ಪಚ್ಚೆ’ ಎಂದರೆ ಹಸಿರು. ತೆಲುಗಿನ ‘ಪಚ್ಚ’ ಹಸಿರೂ ಆಗಬಹುದು, ಹಳದಿಯೂ ಆಗಬಹುದು. ಆದ್ದರಿಂದಲೇ ತೆಲುಗರು ಬೇರ್ಪಡಿಸಿ ಹೇಳಬೇಕಾದಾಗ ‘ಆಕುಪಚ್ಚ’, ‘ಪಸುಪುಪಚ್ಚ’ ಎಂದು ಎಲೆಯನ್ನೋ ಅರಿಶಿನವನ್ನೋ ಜೊತೆಗೆ ಸೇರಿಸುತ್ತಾರೆ. ತೆಲುಗಿನ ‘ಪಸುಪು’ ಅರಿಶಿನ. ನಮ್ಮ ಹಳಗನ್ನಡದ ‘ಪಸುರ್’ ಹಸಿರು. ಎರಡೂ ಒಂದೇ ದ್ರಾವಿಡ ಮೂಲದ ಕವಲುಗಳು; ಒಂದು ಹಳದಿಯ ಕಡೆಗೆ ಬಾಗಿತು, ಇನ್ನೊಂದು ಹಸಿರಿನ ಕಡೆಗೆ. ಹೀಗಿರುವಾಗ ‘ಪಚ್ಚ ಸೀರೆ’ ಎಂದಷ್ಟೇ ಬರೆದ ನಮೂದನ್ನು ರಾಯಚೂರಿನ ಓದುಗರು ಒಂದು ಬಗೆಯಾಗಿಯೂ ಗದ್ವಾಲದ ಓದುಗರು ಇನ್ನೊಂದು ಬಗೆಯಾಗಿಯೂ ತಿಳಿದರೆ ಇಬ್ಬರದೂ ತಪ್ಪಲ್ಲ. ‘ಎಲೆ ಹಸಿರು’, ‘ಅರಿಶಿನ ಹಳದಿ’ ಎಂದು ವಸ್ತುವನ್ನೂ ಬಣ್ಣವನ್ನೂ ಕೂಡಿಸಿ ಬರೆದರೆ ಗೊಂದಲ ಕಳೆಯುತ್ತದೆ. ‘ನವಿಲು ಬಣ್ಣ’ದಂತಹ ಹೆಸರು ಚೆಲುವಾದರೂ ಒಂಟಿಯಾಗಿ ಸಾಲದು, ನವಿಲಿನಲ್ಲಿ ನೀಲಿಯೂ ಇದೆ, ಹಸಿರೂ ಇದೆ.

ಮೂರನೆಯ ತೊಡಕು ಮಗ್ಗದಿಂದಲೇ ಹುಟ್ಟುತ್ತದೆ. ಉದ್ದಕ್ಕೆ ಬಿಗಿದ ಎಳೆಗಳು ಹಾಸು. ಲಾಳಿಯು ಅಡ್ಡಕ್ಕೆ ತರುವ ಎಳೆ ಹೊಕ್ಕು. ನಾವು ಮಾತಿನಲ್ಲಿ ಬಳಸುವ ‘ಹಾಸುಹೊಕ್ಕು’ ಬಂದದ್ದು ಇಲ್ಲಿಂದಲೇ. ನಾರಾಯಣಪೇಟೆಯಲ್ಲಿ ಒಂದೇ ಹಾಸಿನ ಮೇಲೆ ಎಂಟು ಸೀರೆಗಳನ್ನು ಸಾಲಾಗಿ ನೇಯುವ ರೂಢಿಯಿದೆ. ಹಾಸನ್ನು ಒಮ್ಮೆ ಏರಿಸಿದ ಮೇಲೆ ಅದರ ಬಣ್ಣ ಬದಲಾಗದು. ಹೊಕ್ಕನ್ನು ಮಾತ್ರ ಸೀರೆಯಿಂದ ಸೀರೆಗೆ ಬದಲಿಸಬಹುದು. ಹಾಸು ಕೆಂಪಾಗಿದ್ದು ಹೊಕ್ಕು ಹಳದಿಯಾದರೆ ನೇಕಾರರು ತಾವು ಹಾಕಿದ ನೂಲನ್ನು ನೆನೆದು ಅದನ್ನು ‘ಹಳದಿ ಸೀರೆ’ ಎನ್ನಬಹುದು. ಕೊಳ್ಳುವವರ ಕಣ್ಣಿಗೆ ಅದು ಕಿತ್ತಳೆ. ಹೊಕ್ಕು ನೀಲಿಯಾದರೆ ಕಾಣುವುದು ನೇರಳೆ. ನಮೂದಿನ ಹೆಸರು ಕೊಳ್ಳುವವರ ಕಣ್ಣಿನದಾಗಿರಬೇಕು. ನೂಲಿನ ವಿವರ ಅದರ ಕೆಳಗೆ ಬರಬೇಕು.

ಇನ್ನು ಅಳತೆ. ‘ಹಿರಿದು’, ‘ಕಿರಿದು’ ಎಂಬವು ಹೋಲಿಕೆಯ ಪದಗಳು. ಪಕ್ಕದಲ್ಲಿ ಇನ್ನೊಂದು ವಸ್ತುವಿಲ್ಲದೆ ಅವಕ್ಕೆ ಖಚಿತ ಅರ್ಥವಿಲ್ಲ. ನಮ್ಮ ಹಿರಿಯರು ಹದಿನೆಂಟು ಮೊಳದ ಸೀರೆ ಎನ್ನುತ್ತಿದ್ದರು. ಎರಡು ಮೊಳಕ್ಕೆ ಒಂದು ಗಜದ ಲೆಕ್ಕದಲ್ಲಿ ಅದು ಒಂಬತ್ತು ಗಜ, ಅಂದರೆ ಸುಮಾರು 8.2 ಮೀಟರ್. ಆದರೆ ಮೊಳ ಕೈಯಿಂದ ಕೈಗೆ ಬೇರೆ. ಆದುದರಿಂದ ಮೀಟರಿನಲ್ಲಿಯೇ ಬರೆಯುವುದು ಲೇಸು. ಬರೆದರೂ ಒಂದು ಸಂದೇಹ ಉಳಿಯುತ್ತದೆ: ‘6.3 ಮೀಟರ್’ ಎಂಬುದರಲ್ಲಿ ರವಿಕೆಯ ಬಟ್ಟೆ ಸೇರಿದೆಯೇ? ‘ಸೀರೆ 5.5 ಮೀಟರ್, ರವಿಕೆ ಬಟ್ಟೆ 0.8 ಮೀಟರ್’ ಎಂದು ಬಿಡಿಸಿ ಬರೆದಾಗಲೇ ಸಂದೇಹ ತೀರುವುದು.

ಇವೆಲ್ಲವನ್ನೂ ಒಂದು ಕಲ್ಪಿತ ಉದಾಹರಣೆಯಲ್ಲಿ ಕೂಡಿಸೋಣ. ಕೆಂಪು ಹಾಸಿನಿಂದ ಎಂಟು ಹತ್ತಿ ಸೀರೆಗಳು ಇಳಿದಿವೆ. ಹಳದಿ ಹೊಕ್ಕಿನವು ಮೂರು, ಹಸಿರಿನವು ಮೂರು, ನೀಲಿಯವು ಎರಡು. ಎಲ್ಲಕ್ಕೂ ಸಮಾನವಾದುದು ಶೀರ್ಷಿಕೆಗೆ ಹೋಗಲಿ, ಬದಲಾಗುವುದು ಮಾತ್ರ ಬಗೆಗಳ ಸಾಲಿಗೆ ಬರಲಿ.

ಶೀರ್ಷಿಕೆ: ನಾರಾಯಣಪೇಟೆ ಕೈಮಗ್ಗದ ಹತ್ತಿ ಸೀರೆ, ಅಂಚು ಕೆಂಪು, 4 ಇಂಚು, ಸೆರಗು ಕೆಂಪು
ಬಗೆ 1: ಒಡಲು ಕಿತ್ತಳೆ (ಕೆಂಪು ಹಾಸು, ಹಳದಿ ಹೊಕ್ಕು), ರವಿಕೆ ಬಟ್ಟೆ ಇದೆ, 2 ಸೀರೆ
ಬಗೆ 2: ಒಡಲು ಕಿತ್ತಳೆ (ಕೆಂಪು ಹಾಸು, ಹಳದಿ ಹೊಕ್ಕು), ರವಿಕೆ ಬಟ್ಟೆ ಇಲ್ಲ, 1 ಸೀರೆ
ಬಗೆ 3: ಒಡಲು ಕೆಂಪು ಮಿನುಗುವ ಹಸಿರು (ಕೆಂಪು ಹಾಸು, ಹಸಿರು ಹೊಕ್ಕು), ರವಿಕೆ ಬಟ್ಟೆ ಇದೆ, 2 ಸೀರೆ
ಬಗೆ 4: ಒಡಲು ಕೆಂಪು ಮಿನುಗುವ ಹಸಿರು (ಕೆಂಪು ಹಾಸು, ಹಸಿರು ಹೊಕ್ಕು), ರವಿಕೆ ಬಟ್ಟೆ ಇಲ್ಲ, 1 ಸೀರೆ
ಬಗೆ 5: ಒಡಲು ನೇರಳೆ (ಕೆಂಪು ಹಾಸು, ನೀಲಿ ಹೊಕ್ಕು), ರವಿಕೆ ಬಟ್ಟೆ ಇದೆ, 2 ಸೀರೆ

ಮೂರು ಬಣ್ಣ, ಎರಡು ಅಳತೆ. ಲೆಕ್ಕದ ಪ್ರಕಾರ ಆರು ಬಗೆಗಳಾಗಬೇಕು. ಆದರೆ ರವಿಕೆ ಬಟ್ಟೆಯಿಲ್ಲದ ನೇರಳೆ ಸೀರೆಯನ್ನು ನೇಯ್ದೇ ಇಲ್ಲ. ಇಲ್ಲದ ಬಗೆಯನ್ನು ಸಾಲಿಗೆ ಸೇರಿಸಬಾರದು. ಮನೆಯ ಲೆಕ್ಕಕ್ಕೆ ಮೊದಲಕ್ಷರದ ಗುರುತು ಹಾಕುವವರು ಇನ್ನೊಂದನ್ನು ಗಮನಿಸಬೇಕು: ಹಸಿರು, ಹಳದಿ, ಹತ್ತಿ ಮೂರೂ ‘ಹ’ಕಾರದಿಂದಲೇ ಆರಂಭವಾಗುತ್ತವೆ. ‘ಹಸಿ’, ‘ಹಳ’, ‘ಹತ್ತಿ’ ಎಂದು ಎರಡಕ್ಷರಗಳನ್ನಾದರೂ ಬಳಸುವುದು ಅಗತ್ಯ.

ಗದ್ವಾಲದ ಸೀರೆಯನ್ನು ಇದೇ ನಮೂದಿನೊಳಗೆ ಆರನೆಯ ಬಗೆಯಾಗಿ ಸೇರಿಸಬಹುದೇ? ಸೇರಿಸಲಾಗದು. ಗದ್ವಾಲದ ಪ್ರಸಿದ್ಧ ಮಾದರಿಯಲ್ಲಿ ಒಡಲು ಹತ್ತಿಯದು, ಅಂಚು ಮತ್ತು ಸೆರಗು ರೇಷ್ಮೆಯವು; ಎರಡನ್ನೂ ನೇಯ್ಗೆಯಲ್ಲಿಯೇ ಬೆಸೆಯಲಾಗುತ್ತದೆ. ಬಣ್ಣ, ಅಳತೆಗಳು ಬದಲಾದರೂ ವಸ್ತು ಅದೇ ಆಗಿ ಉಳಿದರೆ ಅದು ಬಗೆ. ನೂಲು, ನೇಯ್ಗೆ, ಊರಿನ ಹೆಸರು ಬದಲಾದರೆ ಅದು ಬೇರೆಯೇ ವಸ್ತು, ಅದಕ್ಕೆ ಬೇರೆಯೇ ನಮೂದು. ಅದರಲ್ಲಿ ಬರಿದೆ ‘ಹತ್ತಿ ಸೀರೆ’ ಎಂದರೂ ಸಾಲದು. ಒಡಲಿಗೊಂದು, ಅಂಚು ಸೆರಗುಗಳಿಗೊಂದು ಎಂದು ನೂಲನ್ನೂ ಅಂಗವಾರು ಹೇಳಬೇಕಾಗುತ್ತದೆ.

ಬರೆದದ್ದು ಸರಿಯಿದೆಯೇ ಎಂದು ತಿಳಿಯುವ ಉಪಾಯವೊಂದಿದೆ. ಎಂಟೂ ಸೀರೆಗಳನ್ನು ಹರಡಿ, ಅವನ್ನು ಮೊದಲು ಕಾಣದ ಒಬ್ಬರಿಗೆ ಚಿತ್ರವಿಲ್ಲದ ಸಾಲನ್ನು ಮಾತ್ರ ಓದಿ ಹೇಳಿ, ಆ ಬಗೆಯ ಸೀರೆಯನ್ನು ಎತ್ತಿಕೊಡಲು ಕೇಳಬೇಕು. ಅವರ ಕೈ ಎಲ್ಲಿ ತಡೆಯಿತೋ ಆ ಪದವನ್ನು ತಿದ್ದಬೇಕು. ಒಬ್ಬರು ಕನ್ನಡದವರು, ಒಬ್ಬರು ತೆಲುಗಿನವರು ಹೀಗೆ ಎತ್ತಿಕೊಟ್ಟರೆ ಇನ್ನೂ ಒಳಿತು.