ಉಪ್ಪು ತೊಳೆದ್ರೆ ಹೋಗುತ್ತೆ, ಕ್ಲೋರಿನ್ ಹಾಗಲ್ಲ: ದಿನಾ ಈಜುವವರ ಕೂದಲು ಮತ್ತು ಚರ್ಮ

ಇವತ್ತಿನ ಮಾತು ದಿನಾ ಈಜೋರಿಗೆ. ವರ್ಷಕ್ಕೊಮ್ಮೆ ರೆಸಾರ್ಟಿಗೆ ಹೋಗಿ ಕೊಳಕ್ಕೆ ಇಳಿಯೋರಿಗೆ ಇದರ ಅಗತ್ಯ ಅಷ್ಟಿಲ್ಲ. ವಾರಕ್ಕೆ ನಾಲ್ಕೈದು ದಿನ ಈಜುವವರಾದರೆ, ಅಥವಾ ನಿಮ್ಮ ಮಕ್ಕಳು ಕೋಚಿಂಗಿಗೆ ಹೋಗುತ್ತಿದ್ದರೆ, ಪೂರ್ತಿ ಕೇಳಿ.

ಇದು ಶುರುವಾದದ್ದು ನಮ್ಮ ಅತ್ತಿಗೆಯಿಂದ. ಅವರು ಕುಂದಾಪುರದವರು. ಅಣ್ಣನಿಗೆ ಬ್ಯಾಂಕಿನಲ್ಲಿ ವರ್ಗ ಆಗಿ, ಈಗ ಕೋಲ್ಕತ್ತಾದ ಸದರ್ನ್ ಅವೆನ್ಯೂದಲ್ಲಿ ಇದ್ದಾರೆ. ಆ ರಸ್ತೆ ಗೊತ್ತಿಲ್ಲದವರಿಗೆ ಹೇಳ್ತೀನಿ: ಒಂದು ಬದಿ ಮನೆಗಳು, ಇನ್ನೊಂದು ಬದಿ ರವೀಂದ್ರ ಸರೋವರ. ಹಳಬರು ಅದನ್ನ ಢಾಕುರಿಯಾ ಲೇಕ್ ಅಂತಾನೇ ಕರೀತಾರೆ. ಕೆರೆಯ ಸುತ್ತ ದೋಣಿ ಹುಟ್ಟು ಹಾಕುವ ಕ್ಲಬ್ಬುಗಳಿವೆ, ಈಜುವ ಕ್ಲಬ್ಬುಗಳಿವೆ. ಅತ್ತಿಗೆ ಏಪ್ರಿಲಿನಿಂದ ಅಕ್ಟೋಬರ್ ತನಕ ವಾರಕ್ಕೆ ಐದು ದಿನ ಬೆಳಿಗ್ಗೆ ಆರಕ್ಕೆ ಈಜುತ್ತಾರೆ. ಚಳಿಗಾಲದಲ್ಲಿ ಅವರ ಕೊಳ ಮುಚ್ಚಿರುತ್ತೆ.

ಕಳೆದ ಏಪ್ರಿಲಿನಲ್ಲಿ ನಾನು ಅಲ್ಲಿಗೆ ಹೋಗಿದ್ದೆ. ಅವರು ಜಡೆ ಬಿಚ್ಚಿ ನನ್ನ ಕೈಗೆ ಕೊಟ್ಟು, "ಕಾಣ್ ಮಾರಾಯ್ತಿ, ಒಣಹುಲ್ಲಿನ ಹಾಂಗ್ ಆಯ್ತ್" ಅಂದರು. ಆಮೇಲೆ ಅವರು ಹೇಳಿದ ಇನ್ನೊಂದು ಮಾತು ನನ್ನ ತಲೆಯಲ್ಲಿ ಉಳಿಯಿತು: "ಸಣ್ಣಾಗಿಂದ ಸಮುದ್ರದಲ್ಲಿ ಈಜಿದವಳು ನಾನು. ಮರವಂತೆಯಲ್ಲಿ ಮುಳುಗಿ ಬಂದ್ರೂ ಕೂದಲು ಹೀಂಗ್ ಆದ್ದಿಲ್ಲ."

ಅವರ ಅನುಭವ ಸರಿ. ಅದರ ಕಾರಣ ತಿಳಿದರೆ ಏನು ಮಾಡಬೇಕು ಅನ್ನೋದೂ ತಿಳಿಯುತ್ತೆ.

ಉಪ್ಪು ಮಾಡೋದು ಏನು, ಕ್ಲೋರಿನ್ ಮಾಡೋದು ಏನು

ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತೆ. ನೀರು ಒಣಗಿದಾಗ ಆ ಉಪ್ಪು ಹರಳಾಗಿ ಕೂದಲ ಮೇಲೆ, ಚರ್ಮದ ಮೇಲೆ ಕೂರುತ್ತೆ. ಕೂದಲು ಬರಗಾಗುತ್ತೆ, ಚರ್ಮ ಬಿಗಿಯುತ್ತೆ, ಕೂದಲೆಳೆಗಳು ಒಂದಕ್ಕೊಂದು ಉಜ್ಜಿ ಸಿಕ್ಕಾಗುತ್ತವೆ. ಆದರೆ ಉಪ್ಪು ಕೂದಲಿನ ರಚನೆಯನ್ನ ರಾಸಾಯನಿಕವಾಗಿ ಮುರಿಯೋದಿಲ್ಲ. ಸಿಹಿನೀರಲ್ಲಿ ಚೆನ್ನಾಗಿ ತೊಳೆದರೆ ಹೋಗುತ್ತೆ. ಕಡಲ ತೀರದಲ್ಲಿ ನಿಜವಾದ ಹಾನಿ ಮಾಡೋದು ಬಿಸಿಲು. ಮತ್ತೆ ಉಪ್ಪಿನ ಸಿಕ್ಕನ್ನ ಹಾಗೇ ಬಾಚಣಿಗೆ ಹಾಕಿ ಎಳೆಯುವ ನಮ್ಮ ಅವಸರ.

ಕ್ಲೋರಿನ್ ಬೇರೆ. ಕೊಳದ ನೀರಿನಲ್ಲಿ ಅದು ಸಾಮಾನ್ಯವಾಗಿ 1ರಿಂದ 3 ಪಿಪಿಎಂ, ಅಂದರೆ ಲೀಟರಿಗೆ 1ರಿಂದ 3 ಮಿಲಿಗ್ರಾಂ ಮಾತ್ರ. ಉಪ್ಪಿಗೆ ಹೋಲಿಸಿದರೆ ಏನೂ ಅಲ್ಲ. ಆದರೆ ರೋಗಾಣುಗಳನ್ನ ಕೊಲ್ಲುವ ಅದರ ಶಕ್ತಿ ಬರೋದು ಆಕ್ಸಿಡೀಕರಣದಿಂದ, ಮತ್ತೆ ಆ ಕೆಲಸ ಮಾಡುವಾಗ ಅದು ರೋಗಾಣು ಯಾವುದು, ಕೂದಲು ಯಾವುದು ಅಂತ ನೋಡೋದಿಲ್ಲ. ಕೂದಲಿನ ಮೇಲೆ ಎಣ್ಣೆಯಂಥ ಒಂದು ತೆಳು ಪದರ ಇರುತ್ತೆ. ನುಣುಪು, ಹೊಳಪು ಎರಡೂ ಅದರದ್ದೇ. ಮೊದಲು ಹೋಗೋದು ಅದು. ಅದರ ಕೆಳಗೆ ಹೆಂಚು ಹೊದಿಸಿದ ಹಾಗೆ ಜೋಡಿಸಿದ ಚೂರುಗಳಿರುತ್ತವೆ, ಅವು ಎದ್ದು ನಿಲ್ಲುತ್ತವೆ. ಆಮೇಲೆ ಒಳಗಿನ ಕೆರಾಟಿನ್ ಪ್ರೋಟೀನನ್ನ ಹೊಲಿದು ಹಿಡಿದಿರುವ ಗಂಧಕದ ಕೊಂಡಿಗಳು ತುಂಡಾಗುತ್ತವೆ. ಕೂದಲು ಜೀವಂತ ಅಂಗಾಂಶ ಅಲ್ಲ, ಹಾಗಾಗಿ ತುಂಡಾದ ಕೊಂಡಿಯನ್ನ ಅದು ತಾನಾಗಿ ಕಟ್ಟಿಕೊಳ್ಳಲಾರದು. ಕಂಡೀಷನರ್ ಎದ್ದ ಹೆಂಚನ್ನ ಸ್ವಲ್ಪ ಹೊತ್ತು ಒತ್ತಿ ಕೂರಿಸುತ್ತೆ, ಅಷ್ಟೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಹೇಳಿಬಿಡ್ತೀನಿ. "ನಮ್ಮದು ಸಾಲ್ಟ್ ವಾಟರ್ ಪೂಲ್, ಕ್ಲೋರಿನ್ ಇಲ್ಲ" ಅಂತ ಕೆಲವು ಅಪಾರ್ಟ್‌ಮೆಂಟುಗಳಲ್ಲಿ ಹೇಳ್ತಾರೆ. ಆ ಕೊಳದಲ್ಲಿ ಉಪ್ಪು ಸಮುದ್ರದ ಹತ್ತನೇ ಒಂದು ಪಾಲಿನಷ್ಟಿರುತ್ತೆ. ಒಂದು ಯಂತ್ರ ಅದರಲ್ಲಿ ವಿದ್ಯುತ್ ಹಾಯಿಸಿ, ಆ ಉಪ್ಪಿನಿಂದಲೇ ಕ್ಲೋರಿನ್ ತಯಾರಿಸುತ್ತೆ. ಅಂದರೆ ಅದೂ ಕ್ಲೋರಿನ್ ಕೊಳವೇ. ನಾನು ಹೇಳುವ ಎಚ್ಚರಿಕೆ ಅಲ್ಲೂ ಅಷ್ಟೇ ಬೇಕು.

ಅತ್ತಿಗೆಯ ಕೂದಲೇ ಹೇಳಿದ ಲೆಕ್ಕ

ಇದು ಕೊಳದ ಕೆಲಸವೋ, ಕೋಲ್ಕತ್ತಾದ ನೀರಿನ ಕೆಲಸವೋ, ವಯಸ್ಸಿನ ಕೆಲಸವೋ? ಅತ್ತಿಗೆಗೂ ಅದೇ ಅನುಮಾನ ಇತ್ತು. ನಾವು ಒಂದು ಸ್ಕೇಲ್ ತಗೊಂಡು ಕೂತೆವು. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್, ಸ್ವಲ್ಪ ಹೆಚ್ಚೇ, ಬೆಳೆಯುತ್ತೆ. ಕೊಳ ಮುಚ್ಚಿದ್ದು ನವೆಂಬರಿನಿಂದ ಮಾರ್ಚ್ ತನಕ, ಐದು ತಿಂಗಳು. ಹಾಗಾದರೆ ಬುಡದಿಂದ ಐದಾರು ಸೆಂಟಿಮೀಟರ್ ತನಕ ಇರೋದು ಕೊಳದ ನೀರನ್ನೇ ಕಾಣದ ಕೂದಲು. ಒಂದು ಎಳೆಯನ್ನ ಬೆರಳ ಮಧ್ಯೆ ಹಿಡಿದು ಬುಡದಿಂದ ತುದಿಗೆ ಎಳೆದರೆ ಮೊದಲ ಎರಡು ಇಂಚು ನುಣುಪು, ಅಲ್ಲಿಂದ ಮುಂದೆ ತರಿತರಿ. ಮನೆಯ ನೀರು ಕಾರಣ ಆಗಿದ್ದರೆ ಆ ಎರಡು ಇಂಚಿನಲ್ಲೂ ಒರಟು ಶುರುವಾಗಿರಬೇಕಿತ್ತು, ಯಾಕೆಂದರೆ ಆ ನೀರು ಚಳಿಗಾಲದಲ್ಲೂ ತಲೆಗೆ ಬಿದ್ದಿತ್ತು. ತುದಿ ಹಳೆಯದಾದ್ದರಿಂದ ಹೇಗೂ ಸ್ವಲ್ಪ ಒರಟು ಇರುತ್ತೆ. ಆದರೆ ಹಳತನದ ಒರಟು ಮೆಲ್ಲಮೆಲ್ಲಗೆ ಏರುತ್ತೆ, ಹೀಗೆ ಗೆರೆ ಎಳೆದ ಹಾಗೆ ಬರೋದಿಲ್ಲ.

ಇನ್ನೊಂದು ಪರೀಕ್ಷೆ ನೀವೂ ಮಾಡಬಹುದು. ಬಾಚಣಿಗೆಯಲ್ಲಿ ಉದುರಿದ ಒಂದು ಕೂದಲನ್ನ ಒದ್ದೆ ಮಾಡಿ ಮೆಲ್ಲಗೆ ಎಳೆಯಿರಿ. ಗಟ್ಟಿ ಕೂದಲು ರಬ್ಬರಿನ ಹಾಗೆ ಸ್ವಲ್ಪ ಉದ್ದವಾಗಿ, ಬಿಟ್ಟಾಗ ಹಿಂದೆ ಬರುತ್ತೆ. ಕೊಂಡಿ ತುಂಡಾದ ಕೂದಲು ಎಳೆದಷ್ಟೂ ಜೋತು ಬಿದ್ದು ಹಾಗೇ ಉಳಿಯುತ್ತೆ, ಇಲ್ಲವೇ ಪಟ್ ಅಂತ ತುಂಡಾಗುತ್ತೆ. ಅತ್ತಿಗೆಯ ಕೂದಲಿನ ತುದಿಭಾಗ ಜೋತು ಬಿತ್ತು.

ಇಷ್ಟಕ್ಕೂ ಅವರು ನೀರಿನಲ್ಲಿ ಇರೋದು ಐವತ್ತು ನಿಮಿಷ. ಆದರೆ ಕೇಳಿದಾಗ ಗೊತ್ತಾಯ್ತು: ಈಜಿ ಮುಗಿಸಿ, ಕೂದಲು ಹಿಂಡಿ, ಟವೆಲ್ ಕಟ್ಟಿಕೊಂಡು ಮನೆಗೆ ನಡೆದು ಬಂದು, ಕಾಫಿ ಕುಡಿದು, ಅಣ್ಣನಿಗೆ ಡಬ್ಬಿ ಕಟ್ಟಿ, ಒಂಬತ್ತಕ್ಕೆ ಸ್ನಾನ. ಅಂದರೆ ಕೊಳದ ನೀರು ಕೂದಲಲ್ಲಿ ಇನ್ನೂ ಎರಡು ಗಂಟೆ ಕೆಲಸ ಮಾಡುತ್ತಿತ್ತು. ನಾವು ಸರಿಮಾಡಿದ್ದು ಮುಖ್ಯವಾಗಿ ಇದನ್ನೇ.

ಇಳಿಯೋ ಮೊದಲು

ಕೂದಲು ತನ್ನ ತೂಕದ ಸುಮಾರು ಮೂರನೇ ಒಂದು ಪಾಲಿನಷ್ಟು ನೀರು ಕುಡಿಯುತ್ತೆ. ಒಣ ಕೂದಲಲ್ಲಿ ಇಳಿದರೆ ಅದು ಕುಡಿಯೋದು ಕೊಳದ ನೀರನ್ನ. ಮೊದಲೇ ಷವರ್ ಕೆಳಗೆ ನಿಂತು, ಬುಡದ ತನಕ ತೊಯ್ಯುವ ಹಾಗೆ ಒಂದೆರಡು ನಿಮಿಷ ನೀರು ಬಿಟ್ಟರೆ ಆ ಜಾಗ ಸಿಹಿನೀರಿನಿಂದ ತುಂಬಿರುತ್ತೆ. ಇದು ಕ್ಲೋರಿನ್ನನ್ನ ಪೂರ್ತಿ ತಡೆಯೋದಿಲ್ಲ, ಒಳಗೆ ಹೋಗೋದನ್ನ ನಿಧಾನ ಮಾಡುತ್ತೆ. ಇದರಿಂದ ಇನ್ನೊಂದು ಲಾಭ ಇದೆ. ಕೊಳದಲ್ಲಿ ಮೂಗಿಗೆ ಬಡಿಯುವ "ಕ್ಲೋರಿನ್ ವಾಸನೆ" ಬಹುಪಾಲು ಕ್ಲೋರಿನ್ನಿನದ್ದಲ್ಲ. ಬೆವರು, ಮೂತ್ರದ ಜೊತೆ ಕ್ಲೋರಿನ್ ಸೇರಿ ಆಗುವ ಕ್ಲೋರಮೈನ್‌ನದ್ದು. ಕಣ್ಣು ಉರಿಸೋದು, ಕೆಮ್ಮು ಬರಿಸೋದು ಅದೇ. ಎಲ್ಲರೂ ಮೈ ತೊಳೆದು ಇಳಿದರೆ ಅದು ಕಡಿಮೆಯಾಗುತ್ತೆ. ವಾಸನೆ ಗಾಢವಾಗಿದ್ದ ದಿನ ನೀರು ಹೆಚ್ಚು ಶುದ್ಧ ಅಂದುಕೊಳ್ಳಬೇಡಿ. ಅವತ್ತು ಈಜದಿದ್ದರೇ ಒಳ್ಳೇದು.

ಆಮೇಲೆ ಎಣ್ಣೆ. ತೆಂಗಿನೆಣ್ಣೆ ಬೇರೆ ಹಲವು ಎಣ್ಣೆಗಳ ಹಾಗೆ ಮೇಲೆ ಕೂರೋದಷ್ಟೇ ಅಲ್ಲ, ಕೂದಲಿನ ಒಳಕ್ಕೂ ಇಳಿಯುತ್ತೆ. ಕೂದಲಿನಿಂದ ಪ್ರೋಟೀನ್ ತೊಳೆದು ಹೋಗೋದನ್ನ ಅದು ಕಡಿಮೆ ಮಾಡುತ್ತೆ ಅಂತ 2003ರಲ್ಲಿ ನಮ್ಮ ದೇಶದ ಸಂಶೋಧಕರೇ ತೋರಿಸಿದ್ದಾರೆ. ಅದೇ ಪರೀಕ್ಷೆಯಲ್ಲಿ ಸೂರ್ಯಕಾಂತಿ ಎಣ್ಣೆ, ಮಿನರಲ್ ಎಣ್ಣೆಗೆ ಆ ಗುಣ ಕಾಣಲಿಲ್ಲ. ಆದರೆ ಎಣ್ಣೆ ಸುರಿಯುವ ತಲೆಯಲ್ಲಿ ಕೊಳಕ್ಕೆ ಇಳಿಯಬೇಡಿ. ನೀರಿನ ಮೇಲೆ ಜಿಡ್ಡು ತೇಲುತ್ತೆ, ಫಿಲ್ಟರ್ ಕೆಡುತ್ತೆ. ಹಿಂದಿನ ರಾತ್ರಿ ಒಂದು ಚಮಚ, ತುದಿಯ ಅರ್ಧಭಾಗಕ್ಕೆ ಮಾತ್ರ ಸವರಿ ಮಲಗಿ. ಬೆಳಿಗ್ಗೆ ಷವರಿನಲ್ಲಿ ಮೇಲಿನ ಜಿಡ್ಡು ತೊಳೆದು, ಜಡೆ ಹಾಕಿ, ಟೋಪಿ ಹಾಕಿ. ಸಿಲಿಕೋನ್ ಟೋಪಿ ಕೂದಲನ್ನ ಒಣಗಿಟ್ಟಿರೋದಿಲ್ಲ, ಒಳಗೆ ನೀರು ನುಗ್ಗೇ ನುಗ್ಗುತ್ತೆ. ಆದರೆ ಕ್ಷಣಕ್ಷಣಕ್ಕೂ ಹೊಸ ಕ್ಲೋರಿನ್ ನೀರು ಬಂದು ತಾಗೋದನ್ನ ತಪ್ಪಿಸುತ್ತೆ.

ಹತ್ತಿದ ಮೇಲೆ

ಕೊಳದಿಂದ ಹತ್ತಿದವರು ನೇರ ಷವರಿಗೆ. ಮನೆಗೆ ಹೋಗಿ ಅಲ್ಲ, ಅಲ್ಲೇ. ಎರಡು ಮೂರು ನಿಮಿಷ ಬರೀ ನೀರು.

ಅದಾದ ಮೇಲೂ ಸ್ವಲ್ಪ ಕ್ಲೋರಿನ್ ಉಳಿಯುತ್ತೆ. ಅದಕ್ಕೆ ವಿಟಮಿನ್ ಸಿ. ಒಂದು ಭಾಗ ಕ್ಲೋರಿನ್ ನಿಷ್ಕ್ರಿಯ ಆಗೋಕೆ ಸುಮಾರು ಎರಡೂವರೆ ಭಾಗ ವಿಟಮಿನ್ ಸಿ ಸಾಕು. ನೀರಿನಲ್ಲಿ 2 ಪಿಪಿಎಂ ಇದ್ದರೆ ಲೀಟರಿಗೆ 5 ಮಿಲಿಗ್ರಾಂ. ಎರಡು ಬೆರಳಿನ ಚಿಟಿಕೆಯಲ್ಲಿ ಅದರ ಹತ್ತಾರು ಪಟ್ಟು ಇರುತ್ತೆ. ಔಷಧಿ ಅಂಗಡಿಯಲ್ಲಿ ಸಿಗುವ, ಸಕ್ಕರೆ ಬಣ್ಣ ಇಲ್ಲದ ಆಸ್ಕಾರ್ಬಿಕ್ ಆಸಿಡ್ ಪುಡಿಯ ಒಂದು ಚಿಟಿಕೆಯನ್ನ ಒಂದು ಲೀಟರ್ ನೀರಿಗೆ ಹಾಕಿ, ತಲೆಗೆ ಮೈಗೆ ಹೊಯ್ದುಕೊಂಡು, ಒಂದು ನಿಮಿಷ ಬಿಟ್ಟು ತೊಳೆಯಿರಿ. ಚೀಪುವ ಕಿತ್ತಳೆ ಮಾತ್ರೆ ಬೇಡ, ಅಂಟಾಗುತ್ತೆ. ಹುಳಿ ನೀರು, ಕಣ್ಣು ಮುಚ್ಚಿಕೊಳ್ಳಿ. ಗಾಯ ಇದ್ದರೆ ಉರಿಯುತ್ತೆ. ಪುಡಿಯನ್ನ ಒಯ್ಯಿರಿ, ನೀರಿಗೆ ಅಲ್ಲೇ ಬೆರೆಸಿ. ಕಲಸಿಟ್ಟದ್ದು ದಿನಗಳೆದಂತೆ ಶಕ್ತಿ ಕಳೆದುಕೊಳ್ಳುತ್ತೆ. ಬಣ್ಣ ಹಾಕಿದ ಕೂದಲಾದರೆ ಬಣ್ಣ ಸ್ವಲ್ಪ ಬೇಗ ಮಾಸಬಹುದು.

ನಂಬಿಕೆ ಬರದವರು ವಿಡಿಯೋದಲ್ಲಿ ನಾನು ಮಾಡಿದ್ದನ್ನ ಮಾಡಿ. ಎರಡು ಲೋಟದಲ್ಲಿ ಕೊಳದ ನೀರು ತಗೊಳ್ಳಿ. ಒಂದಕ್ಕೆ ಚಿಟಿಕೆ ವಿಟಮಿನ್ ಸಿ ಹಾಕಿ ಕಲಕಿ. ಬಾವಿ ನೀರಿನ ಕ್ಲೋರಿನ್ ನೋಡೋಕೆ ಬಳಸುವ ಹಳದಿಗೆ ತಿರುಗುವ ಪರೀಕ್ಷಾ ದ್ರಾವಣವನ್ನ ಎರಡಕ್ಕೂ ಕೆಲವು ಹನಿ ಬಿಡಿ. ಬರೀ ಕೊಳದ ನೀರು ಹಳದಿ ಆಗುತ್ತೆ, ವಿಟಮಿನ್ ಸಿ ಹಾಕಿದ್ದು ಬಣ್ಣ ತಿರುಗೋದಿಲ್ಲ. ಆ ದ್ರಾವಣ ವಿಷ, ಎರಡೂ ಲೋಟವನ್ನ ಚರಂಡಿಗೆ ಚೆಲ್ಲಿ.

ವಿಟಮಿನ್ ಸಿ ಮುಂದಿನ ಹಾನಿ ನಿಲ್ಲಿಸುತ್ತೆ, ಆದದ್ದನ್ನ ಸರಿಮಾಡೋದಿಲ್ಲ. ನೆರೆಗೂದಲು ಹಸಿರು ಛಾಯೆಗೆ ತಿರುಗಿದರೆ ಅದು ಕ್ಲೋರಿನ್ ಅಲ್ಲ, ತಾಮ್ರ. ಪಾಚಿ ಕಟ್ಟದಿರಲಿ ಅಂತ ಕೆಲವು ಕೊಳಗಳಿಗೆ ಮೈಲುತುತ್ತ ಹಾಕ್ತಾರೆ. ಅದಕ್ಕೆ ಲೋಹ ತೆಗೆಯುವ ಶಾಂಪೂ ಬೇಕು, ವಾರಕ್ಕೊಮ್ಮೆ ಸಾಕು.

ಚರ್ಮಕ್ಕೆ ದೊಡ್ಡ ತಪ್ಪು ಅಂದರೆ ವಾಸನೆ ಹೋಗಲಿ ಅಂತ ಸೋಪಿನಿಂದ ತಿಕ್ಕಿ ತಿಕ್ಕಿ ತೊಳೆಯೋದು. ಕ್ಲೋರಿನ್ ಬಿಟ್ಟ ಜಿಡ್ಡನ್ನ ಸೋಪು ಒಯ್ಯುತ್ತೆ. ಕಂಕುಳು, ತೊಡೆಸಂದಿಗೆ ಮಾತ್ರ ಸೋಪು. ಟವೆಲ್ ಒತ್ತಿ ಒರೆಸಿ, ಮೈ ಇನ್ನೂ ಪಸೆಯಾಗಿರುವಾಗಲೇ, ಮೂರು ನಿಮಿಷದೊಳಗೆ, ಮಾಯಿಶ್ಚರೈಸರ್ ಅಥವಾ ಒಂದೆರಡು ಹನಿ ತೆಂಗಿನೆಣ್ಣೆ ಸವರಿ. ಮೊಣಕೈ ಮಡಿಕೆಯಲ್ಲಿ ಕೆಂಪಾಗಿ, ವಾರ ಕಳೆದರೂ ತುರಿಕೆ ನಿಲ್ಲದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ. ಈಜಿದಾಗೆಲ್ಲ ಉಬ್ಬಸ ಬಂದರೆ ಕಾಯಬೇಡಿ.

ಅತ್ತಿಗೆ ಕಳೆದ ಏಪ್ರಿಲಿನಲ್ಲಿ ಒರಟಾದ ತುದಿಯನ್ನ ಒಂದು ಗೇಣು ಕತ್ತರಿಸಿದರು. ಬೇರೆ ದಾರಿ ಇರಲಿಲ್ಲ. ಚೀಲದಲ್ಲಿ ಒಂದು ಲೀಟರಿನ ಬಾಟಲಿ, ಕಾಗದದಲ್ಲಿ ಮಡಚಿದ ಪುಡಿ ಇಟ್ಟುಕೊಂಡು ಅಕ್ಟೋಬರ್ ತನಕ ಈಜಿದರು. ದೀಪಾವಳಿಗೆ ಫೋನ್ ಮಾಡಿದಾಗ ನಾನು ಕೇಳಿದೆ, "ಅತ್ತಿಗೆ, ಈಗ ಗೆರೆ ಎಲ್ಲಿದೆ?" ಅವರು ಎಳೆ ಹಿಡಿದು ನೋಡಿ ಹೇಳಿದರು, "ಗೆರೆ ಕೆಳಗೆ ಹೋಯ್ತ್. ಹೊಸದಾಗಿ ಬಂದದ್ದರಲ್ಲಿ ಎಂತದೂ ಕಾಣುದಿಲ್ಲ. ತುದಿ ಮಾತ್ರ ಇನ್ನೂ ಹಾಂಗೇ ಇತ್ತ್."

ಹಳೆಯ ತುದಿ ಹಾಗೇ ಇರುತ್ತೆ, ಅದು ಬೆಳೆದು ಕತ್ತರಿಗೇ ಹೋಗಬೇಕು. ನಿಮ್ಮ ಗೆರೆ ಎಲ್ಲಿದೆ ಅಂತ ಇವತ್ತು ರಾತ್ರಿ ಒಂದು ಎಳೆ ಹಿಡಿದು ನೋಡಿ.